ಮ್ಯಾರಥಾನ್‌ನ 13ನೇ ಕಿಲೋಮೀಟರ್‌ನಲ್ಲಿ ಕಾಲು ಸೋತರೆ: ದೋಷವನ್ನು ಸೈಕಲ್ ಹಂತದಲ್ಲಿ ಹುಡುಕುವ ಕ್ರಮ

ದೋಷದ ಲಕ್ಷಣ

3.8 ಕಿಲೋಮೀಟರ್ ಈಜು, 180 ಕಿಲೋಮೀಟರ್ ಸೈಕಲ್ ಮತ್ತು 42.2 ಕಿಲೋಮೀಟರ್ ಓಟ ಇರುವ ಪೂರ್ಣ ದೂರದ ಟ್ರಯಥ್ಲಾನ್‌ನಲ್ಲಿ ಮತ್ತೆ ಮತ್ತೆ ಕಾಣಿಸಿಕೊಳ್ಳುವ ದೋಷವೊಂದಿದೆ. ಸೈಕಲ್ ಇಳಿಯುವವರೆಗೂ ಎಲ್ಲವೂ ಸರಿಯಾಗಿದೆ ಎಂದೇ ಅನ್ನಿಸುತ್ತದೆ, ಓಟದ ಮೊದಲ ಕೆಲವು ಕಿಲೋಮೀಟರ್‌ಗಳೂ ಯೋಜನೆಗಿಂತ ವೇಗವಾಗಿಯೇ ಸಾಗುತ್ತವೆ, ಆದರೆ 10ರಿಂದ 20ನೇ ಕಿಲೋಮೀಟರ್ ನಡುವೆ ಎಲ್ಲೋ ಒಂದು ಕಡೆ ತೊಡೆಗಳು ಮಾತು ಕೇಳುವುದನ್ನು ನಿಲ್ಲಿಸುತ್ತವೆ. ಉಸಿರು ಕಟ್ಟುವುದಿಲ್ಲ, ಎದೆ ಹೊಡೆದುಕೊಳ್ಳುವುದಿಲ್ಲ, ಮನಸ್ಸೂ ಕುಗ್ಗಿರುವುದಿಲ್ಲ. ಆದರೂ ಮೊಣಕಾಲು ಮೇಲೇಳುವುದಿಲ್ಲ, ಪಾದ ನೆಲಕ್ಕೆ ಬಿದ್ದಾಗ ತೊಡೆ ಆ ಭಾರವನ್ನು ಹಿಡಿದು ನಿಲ್ಲಿಸುವುದಿಲ್ಲ. ಅಲ್ಲಿಂದ ಮುಂದಿನ ಹಾದಿಯೆಲ್ಲ ಓಡುವುದು, ನಡೆಯುವುದು, ಮತ್ತೆ ಓಡಲು ನೋಡುವುದು.

ಇದನ್ನು ಅನುಭವಿಸಿದ ಹೆಚ್ಚಿನವರು ಮುಂದಿನ ವರ್ಷ ಓಟದ ಅಭ್ಯಾಸವನ್ನು ಹೆಚ್ಚಿಸುತ್ತಾರೆ. ನಾನೂ ಹಾಗೆಯೇ ಯೋಚಿಸಿದ್ದೆ. ದೋಷವು ಓಟದಲ್ಲಿ ಕಾಣಿಸಿಕೊಂಡ ಮಾತ್ರಕ್ಕೆ ಅದು ಓಟದಲ್ಲಿಯೇ ಹುಟ್ಟಿದೆ ಎನ್ನಲಾಗದು. ಬಹಳಷ್ಟು ಸಲ ಅದರ ಮೂಲ ಸೈಕಲ್ ಹಂತದ ಮೊದಲ 90 ನಿಮಿಷಗಳಲ್ಲಿ ಇರುತ್ತದೆ, ಮತ್ತು ತುಳಿತದ ಶಕ್ತಿಯನ್ನು ವಾಟ್‌ಗಳಲ್ಲಿ ಅಳೆಯುವ ಪವರ್ ಮೀಟರ್ ಇದ್ದವರಿಗೆ ಅದು ಸವಾರಿಯ ಫೈಲ್‌ನಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಆ ಫೈಲನ್ನು ಯಾವ ಕ್ರಮದಲ್ಲಿ ಓದಬೇಕು, ಎಲ್ಲಿ ಮೋಸ ಹೋಗುವ ಸಾಧ್ಯತೆ ಇದೆ, ಮುಂದಿನ ಸ್ಪರ್ಧೆಗೆ ಏನನ್ನು ಬದಲಿಸಬೇಕು ಎಂಬುದನ್ನು ನನ್ನದೇ ಎರಡು ಸ್ಪರ್ಧೆಗಳ ಅಂಕಿಗಳನ್ನು ಮುಂದಿಟ್ಟುಕೊಂಡು ಇಲ್ಲಿ ವಿವರಿಸಿದ್ದೇನೆ.

ಮೊದಲು ಬೇರೆ ಕಾರಣಗಳನ್ನು ಬದಿಗಿಡುವುದು

ಸೈಕಲ್ ಇಳಿದ ಮೊದಲ ಎರಡು ಮೂರು ಕಿಲೋಮೀಟರ್ ಕಾಲು ಮರಗಟ್ಟಿದಂತೆ ಇದ್ದು ಆಮೇಲೆ ಸಡಿಲವಾದರೆ ಅದು ದೋಷವಲ್ಲ. ಗಂಟೆಗಟ್ಟಲೆ ಒಂದೇ ಚಲನೆಗೆ ಒಗ್ಗಿದ ಸ್ನಾಯುಗಳು ಇನ್ನೊಂದಕ್ಕೆ ಹೊಂದಿಕೊಳ್ಳಲು ತೆಗೆದುಕೊಳ್ಳುವ ಸಮಯ ಅಷ್ಟೆ. ತಲೆ ಹಗುರಾಗಿ, ಕೈ ನಡುಗಿ, ಸಿಹಿ ಪಾನೀಯ ಕುಡಿದ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಮತ್ತೆ ಓಡಲು ಸಾಧ್ಯವಾದರೆ ಅದು ಮುಖ್ಯವಾಗಿ ಆಹಾರದ ಕೊರತೆ. ಮೈ ಕಾದು, ನಾಡಿಬಡಿತ ಏರಿಯೇ ಇದ್ದು, ವೇಗ ಮಾತ್ರ ಇಳಿಯುತ್ತಿದ್ದರೆ ಬಿಸಿಲನ್ನು ಮೊದಲು ಶಂಕಿಸಬೇಕು. 28ರಿಂದ 30 ಕಿಲೋಮೀಟರ್‌ವರೆಗೆ ಸಮವಾಗಿ ಓಡಿ ಅನಂತರ ನಿಧಾನವಾದರೆ, ಅದು ಬಿಡಿ ಮ್ಯಾರಥಾನ್‌ನಲ್ಲಿಯೂ ಕಾಣುವ ಸೋಲು. ಅದರ ಹೊಣೆಯನ್ನು ಸೈಕಲ್ ಮೇಲೆ ಹೊರಿಸುವ ಮುನ್ನ ದೀರ್ಘ ಓಟಗಳ ಅಭ್ಯಾಸ ಎಷ್ಟಿತ್ತೆಂದು ನೋಡಬೇಕು.

ಸೈಕಲ್‌ನಿಂದ ಬಂದ ಸೋಲಿನ ಗುರುತು ಇವುಗಳಿಂದ ಬೇರೆಯಾಗಿದೆ. ಅದರಲ್ಲಿ ವೇಗದ ಜೊತೆಗೆ ನಾಡಿಬಡಿತವೂ ಇಳಿಯುತ್ತದೆ. ಸ್ನಾಯುವೇ ಕೆಲಸ ಮಾಡದಿದ್ದಾಗ ಹೃದಯಕ್ಕೆ ದುಡಿಯಲು ಕಾರಣವಿರುವುದಿಲ್ಲ. ನನ್ನ ಮೊದಲ ಸ್ಪರ್ಧೆಯಲ್ಲಿ ಓಟದ ಮೊದಲ ಕಿಲೋಮೀಟರ್‌ಗಳಲ್ಲಿ ನಿಮಿಷಕ್ಕೆ 152 ಇದ್ದ ನಾಡಿಬಡಿತ, 14ನೇ ಕಿಲೋಮೀಟರ್‌ನಲ್ಲಿ ನಾನು ನನ್ನಿಂದಾದಷ್ಟೂ ಪ್ರಯತ್ನಿಸುತ್ತಿದ್ದಾಗ 128ಕ್ಕೆ ಇಳಿದಿತ್ತು. ಆ 24 ಬಡಿತಗಳ ಅಂತರವೇ ನನ್ನನ್ನು ಸೈಕಲ್ ಫೈಲ್‌ನ ಕಡೆಗೆ ತಿರುಗಿಸಿತು.

ಸೈಕಲ್ ಮೇಲೆ ಇರುವಾಗ ಏಕೆ ಗೊತ್ತಾಗುವುದಿಲ್ಲ

ಫೈಲ್ ತೆರೆಯುವ ಮುನ್ನ ಇದೊಂದನ್ನು ಅರ್ಥ ಮಾಡಿಕೊಳ್ಳಬೇಕು. ಇಲ್ಲವಾದರೆ "ಸೈಕಲ್ ಮೇಲೆ ನನಗೆ ದಣಿವೇ ಆಗಿರಲಿಲ್ಲ" ಎಂಬ ನೆನಪು ಅಂಕಿಗಳನ್ನು ನಂಬಲು ಬಿಡುವುದಿಲ್ಲ. ಪೆಡಲ್ ತುಳಿಯುವಾಗ ತೊಡೆಯ ಸ್ನಾಯು ಕುಗ್ಗುತ್ತಾ ಬಲ ಕೊಡುತ್ತದೆ, ದೇಹದ ಭಾರವನ್ನು ಸೀಟು ಹೊತ್ತಿರುತ್ತದೆ. ಓಡುವಾಗ ಪ್ರತಿ ಹೆಜ್ಜೆಯಲ್ಲಿಯೂ ಅದೇ ಸ್ನಾಯು ಹಿಗ್ಗುತ್ತಲೇ ದೇಹದ ಭಾರವನ್ನು ತಡೆಹಿಡಿಯಬೇಕು. ದಣಿದ ಸ್ನಾಯು ಮೊದಲ ಕೆಲಸವನ್ನು ಇನ್ನೂ ಒಂದೆರಡು ಗಂಟೆ ಹೇಗೋ ಮಾಡಬಲ್ಲದು, ಎರಡನೆಯದನ್ನು ಮಾಡಲಾರದು. ಹೀಗಾಗಿ ಸೈಕಲ್ ಮೇಲೆ ಮಾಡಿದ ಸಾಲ ಸೈಕಲ್ ಮೇಲೆ ಕಾಣುವುದಿಲ್ಲ.

ಎರಡನೆಯ ಕಾರಣ ಗ್ಲೈಕೋಜನ್, ಅಂದರೆ ದೇಹ ಕೂಡಿಟ್ಟುಕೊಳ್ಳುವ ಸಕ್ಕರೆಯ ಸಂಗ್ರಹ. ಸ್ನಾಯು ಮತ್ತು ಯಕೃತ್ತಿನಲ್ಲಿ ಸೇರಿ ಸುಮಾರು 400ರಿಂದ 500 ಗ್ರಾಂ ಸಂಗ್ರಹವಿರುತ್ತದೆ. ಹಗುರವಾಗಿ ತುಳಿದಾಗ ದೇಹ ಹೆಚ್ಚಿನ ಪಾಲು ಕೊಬ್ಬನ್ನು ಉರಿಸುತ್ತದೆ. ತುಳಿತ ಗಟ್ಟಿಯಾದಂತೆ ಗ್ಲೈಕೋಜನ್ ಬಳಕೆ ಏರುವುದು ಸರಳ ಅನುಪಾತದಲ್ಲಿ ಅಲ್ಲ, ಅದಕ್ಕಿಂತ ತೀವ್ರವಾಗಿ. ಜೊತೆಗೆ, ಏರುದಾರಿಯಲ್ಲಿ ಎದ್ದು ತುಳಿದಾಗ ಅಥವಾ ಇನ್ನೊಬ್ಬರನ್ನು ಹಿಂದೆ ಹಾಕಲು ನುಗ್ಗಿದಾಗ, ಬೇಗ ಬಲ ಕೊಟ್ಟು ಬೇಗ ಬಳಲುವ ಸ್ನಾಯುತಂತುಗಳು ಕೆಲಸಕ್ಕೆ ಇಳಿಯುತ್ತವೆ. ಮ್ಯಾರಥಾನ್‌ನ ಎರಡನೆಯ ಅರ್ಧದಲ್ಲಿ, ನಿಧಾನ ತಂತುಗಳು ದಣಿದಾಗ, ನೆರವಿಗೆ ಬರಬೇಕಾದವು ಇವೇ. ಅವುಗಳೊಳಗಿನ ಸಂಗ್ರಹ ಆಗಲೇ ಬರಿದಾಗಿದ್ದರೆ ನೆರವಿಗೆ ಬರಲು ಯಾರೂ ಉಳಿದಿರುವುದಿಲ್ಲ.

ಫೈಲ್‌ನಲ್ಲಿ ನೋಡಬೇಕಾದ ಮೂರು ಅಂಕಿಗಳು

ಸರಾಸರಿ ಪವರ್ ಒಂದರಿಂದಲೇ ತೀರ್ಮಾನಕ್ಕೆ ಬರಬಾರದು. 300 ವಾಟ್‌ನಲ್ಲಿ ಒಂದು ನಿಮಿಷ ತುಳಿದು ಇನ್ನೊಂದು ನಿಮಿಷ ಸುಮ್ಮನೆ ಉರುಳಿದರೂ ಸರಾಸರಿ 150 ವಾಟ್ ಎಂದೇ ಬರುತ್ತದೆ, ಕಾಲಿಗೆ ಮಾತ್ರ ಅದು 150 ವಾಟ್‌ನ ಸಮ ಸವಾರಿಯಲ್ಲ. ಈ ವ್ಯತ್ಯಾಸವನ್ನು ಹಿಡಿಯಲೆಂದು ನಾರ್ಮಲೈಸ್ಡ್ ಪವರ್, ಅಂದರೆ ಎನ್‌ಪಿ ಎಂಬ ಲೆಕ್ಕವಿದೆ. 30 ಸೆಕೆಂಡುಗಳ ಚಲಿಸುವ ಸರಾಸರಿಯನ್ನು ತೆಗೆದುಕೊಂಡು, ಪ್ರತಿಯೊಂದು ಬೆಲೆಯನ್ನು ನಾಲ್ಕನೆಯ ಘಾತಕ್ಕೆ ಏರಿಸಿ, ಅವುಗಳ ಸರಾಸರಿಯ ನಾಲ್ಕನೆಯ ಮೂಲವನ್ನು ಕಂಡುಹಿಡಿದರೆ ಎನ್‌ಪಿ ಸಿಗುತ್ತದೆ. ನಾಲ್ಕನೆಯ ಘಾತ ಇರುವುದರಿಂದ ನುಗ್ಗಾಟಗಳ ಬೆಲೆ ಬಹಳ ದೊಡ್ಡದಾಗಿ ಕಾಣುತ್ತದೆ, ಮತ್ತು ಅದು ಹಾಗೆ ಕಾಣುವುದೇ ಸರಿ.

```
IF = NP / FTP
VI = NP / AP
```

ಇಲ್ಲಿ ಎಫ್‌ಟಿಪಿ ಎಂದರೆ ಸುಮಾರು ಒಂದು ಗಂಟೆ ಹಿಡಿದಿಡಬಹುದಾದ ಗರಿಷ್ಠ ಪವರ್, ಎಪಿ ಎಂದರೆ ಸರಾಸರಿ ಪವರ್. ಐಎಫ್ ಎಷ್ಟು ಗಟ್ಟಿಯಾಗಿ ತುಳಿದಿರಿ ಎಂಬುದನ್ನೂ ವಿಐ ಎಷ್ಟು ಏರುಪೇರಾಗಿ ತುಳಿದಿರಿ ಎಂಬುದನ್ನೂ ಹೇಳುತ್ತವೆ. ಆರು ಗಂಟೆಯ ಆಸುಪಾಸಿನಲ್ಲಿ 180 ಕಿಲೋಮೀಟರ್ ಮುಗಿಸುವ ಹವ್ಯಾಸಿ ಸ್ಪರ್ಧಿಗೆ 0.65ರಿಂದ 0.72ರ ನಡುವಿನ ಐಎಫ್ ಸಾಮಾನ್ಯವಾಗಿ ಬಳಕೆಯಲ್ಲಿರುವ ಗುರಿ. ಆರೂವರೆ ಗಂಟೆ ದಾಟುವವರು ಅದರ ಕೆಳಗಿನ ತುದಿಯಲ್ಲಿಯೇ ಇರುವುದು ಒಳ್ಳೆಯದು, ಏಕೆಂದರೆ ಅದೇ ತೀವ್ರತೆಯನ್ನು ಅವರು ಹೆಚ್ಚು ಹೊತ್ತು ಹೊರಬೇಕು. ವಿಐ ಸಮತಟ್ಟಾದ ಅಥವಾ ಮೆಲುವಾಗಿ ಏರಿಳಿಯುವ ಹಾದಿಯಲ್ಲಿ 1.05 ಮೀರಬಾರದು. ಗುಡ್ಡಗಾಡಿನ ಹಾದಿಯಲ್ಲಿ ತುಸು ಹೆಚ್ಚಾಗುವುದು ಸಹಜ.

ಮೂರನೆಯದು ಡಿಕಪ್ಲಿಂಗ್. ಸವಾರಿಯನ್ನು ಎರಡು ಅರ್ಧಗಳಾಗಿ ಮಾಡಿ, ಪ್ರತಿ ಅರ್ಧದ ಎನ್‌ಪಿಯನ್ನು ಅದೇ ಅರ್ಧದ ಸರಾಸರಿ ನಾಡಿಬಡಿತದಿಂದ ಭಾಗಿಸಿ, ಎರಡನೆಯ ಅರ್ಧದಲ್ಲಿ ಆ ಬೆಲೆ ಶೇಕಡ ಎಷ್ಟು ಕುಸಿದಿದೆ ಎಂದು ನೋಡುವುದು. ಶೇಕಡ 5ರೊಳಗಿದ್ದರೆ ದೇಹ ಆ ಕೆಲಸವನ್ನು ತಾಳಿಕೊಂಡಿದೆ ಎಂದರ್ಥ. ಶೇಕಡ 10 ದಾಟಿದರೆ ಓಟ ಆರಂಭವಾಗುವ ಮೊದಲೇ ಸೋಲು ಆರಂಭವಾಗಿತ್ತು ಎನ್ನಬಹುದು. ಆದರೆ ಬಿಸಿಲು ಮತ್ತು ನೀರಿನ ಕೊರತೆಯೂ ಈ ಅಂಕಿಯನ್ನು ಏರಿಸುತ್ತವೆ. ಹಾಗಾದಾಗ ಸಾಮಾನ್ಯವಾಗಿ ಪವರ್ ಅಷ್ಟೇ ಇದ್ದು ನಾಡಿ ಏರಿರುತ್ತದೆ. ನಾಡಿ ಅಷ್ಟೇ ಇದ್ದು ಪವರ್ ಇಳಿದಿದ್ದರೆ ನಾನು ಮೊದಲು ಪವರ್ ಹಂಚಿಕೆಯನ್ನೇ ಶಂಕಿಸುತ್ತೇನೆ.

ನನ್ನ ಫೈಲ್: ಒಂದೊಂದಾಗಿ ಬಿಡಿಸಿದಾಗ

ನನ್ನ ತೂಕ 72 ಕಿಲೋ. ಎಫ್‌ಟಿಪಿ 250 ವಾಟ್ ಎಂದು ಬರೆದಿಟ್ಟುಕೊಂಡಿದ್ದೆ, ಅದರ ಶೇಕಡ 72, ಅಂದರೆ 180 ವಾಟ್ ನನ್ನ ಗುರಿಯಾಗಿತ್ತು. ಸೈಕಲ್ ಹಂತವನ್ನು 5 ಗಂಟೆ 45 ನಿಮಿಷಗಳಲ್ಲಿ ಮುಗಿಸಿದೆ. ಸರಾಸರಿ ಪವರ್ 168 ವಾಟ್ ಎಂದು ನೋಡಿ, ಗುರಿಗಿಂತ ಕಡಿಮೆಯೇ ತುಳಿದಿದ್ದೇನೆಂದು ನೆಮ್ಮದಿಪಟ್ಟಿದ್ದೆ. ಆಮೇಲಿನ ಮ್ಯಾರಥಾನ್‌ಗೆ ಹಿಡಿದ ಸಮಯ 5 ಗಂಟೆ 12 ನಿಮಿಷ. ನನ್ನ ಬಿಡಿ ಮ್ಯಾರಥಾನ್‌ನ ಸಮಯ 3 ಗಂಟೆ 42 ನಿಮಿಷವಾಗಿದ್ದರಿಂದ, ಸೈಕಲ್ ನಂತರ 4 ಗಂಟೆ 10 ನಿಮಿಷದ ಸುತ್ತಮುತ್ತ ಮುಗಿಸಬೇಕಿತ್ತು.

ಮೊದಲ ಪರೀಕ್ಷೆಯಲ್ಲಿಯೇ ನೆಮ್ಮದಿ ಹೋಯಿತು. ಎನ್‌ಪಿ 186 ವಾಟ್ ಇತ್ತು, ಅಂದರೆ ವಿಐ 1.11. ಒಂದೇ ಒಂದು ಚಿಕ್ಕ ಏರಿಯಿದ್ದ, ಉಳಿದಂತೆ ಸಮತಟ್ಟಾದ ಹಾದಿಗೆ ಅದು ತೀರಾ ಹೆಚ್ಚು. ಗಂಟೆಗಳ ಲೆಕ್ಕದಲ್ಲಿ ಎನ್‌ಪಿಯನ್ನು ಬಿಡಿಸಿ ನೋಡಿದೆ: ಮೊದಲ ಗಂಟೆ 205, ಎರಡನೆಯದು 197, ಆಮೇಲೆ 188, 180, 172, ಕೊನೆಯ 45 ನಿಮಿಷ 158 ವಾಟ್. ಇದೊಂದು ಮೆಟ್ಟಿಲಿನಂತೆ ಇಳಿದಿದೆ, ಎಲ್ಲಿಯೂ ನಿಂತಿಲ್ಲ. 180 ವಾಟ್ ಎಂಬ ಗುರಿಯನ್ನು ನಾನು ನಿಜವಾಗಿ ಪಾಲಿಸಿದ್ದು ನಾಲ್ಕನೆಯ ಗಂಟೆಯೊಂದರಲ್ಲಿ, ಅದೂ ಮೇಲಿನಿಂದ ಕೆಳಗೆ ಬೀಳುವ ದಾರಿಯಲ್ಲಿ. ಸರಾಸರಿಯು ಆರಂಭದ ಅತಿಯನ್ನೂ ಕೊನೆಯ ಕುಸಿತವನ್ನೂ ಒಂದರಲ್ಲೊಂದು ಮುಚ್ಚಿಹಾಕಿತ್ತು. ಮೊದಲ ಅರ್ಧದ ಎನ್‌ಪಿ 197 ಮತ್ತು ನಾಡಿ 147, ಎರಡನೆಯ ಅರ್ಧದ ಎನ್‌ಪಿ 172 ಮತ್ತು ನಾಡಿ 146. ಡಿಕಪ್ಲಿಂಗ್ ಸುಮಾರು ಶೇಕಡ 12. ನಾಡಿ ಏರಲಿಲ್ಲ, ಪವರ್ ಬಿತ್ತು.

ಇನ್ನು 250 ವಾಟ್‌ಗಿಂತ ಮೇಲೆ ಕಳೆದ ಸಮಯ: 26 ನಿಮಿಷ. ಅದರಲ್ಲಿ ಸುಮಾರು ಅರ್ಧ ಆ ಏರಿಯಲ್ಲಿಯೇ ಆಗಿತ್ತು. ನಾಲ್ಕು ಸುತ್ತಿನ ಹಾದಿಯಲ್ಲಿ ಪ್ರತಿ ಸುತ್ತಿಗೊಮ್ಮೆ ಬರುವ 1.4 ಕಿಲೋಮೀಟರ್ ಉದ್ದದ, ಶೇಕಡ 4.5ರಷ್ಟು ಕಡಿದಾದ ಏರಿ ಅದು. ಮೊದಲ ಎರಡು ಸುತ್ತುಗಳಲ್ಲಿ ಅದನ್ನು 290 ವಾಟ್‌ನಲ್ಲಿ, ನಾಲ್ಕು ನಿಮಿಷಕ್ಕೂ ಕಡಿಮೆ ಸಮಯದಲ್ಲಿ ಏರಿದ್ದೆ. 205 ವಾಟ್‌ನಲ್ಲಿ ಏರಿದ್ದರೆ ಐದು ನಿಮಿಷ ಚಿಲ್ಲರೆ ಆಗುತ್ತಿತ್ತು, ಅಂದರೆ ಏರಿಗೆ ಒಂದೂಕಾಲು ನಿಮಿಷ ನಷ್ಟ. ಆ ಒಂದೂಕಾಲು ನಿಮಿಷ ಉಳಿಸಲು ನಾನು ಕೊಟ್ಟ ಬೆಲೆಯನ್ನು ಎನ್‌ಪಿಯ ನಾಲ್ಕನೆಯ ಘಾತದ ಲೆಕ್ಕದಲ್ಲಿ ನೋಡಿ: 205ಕ್ಕೆ ಹೋಲಿಸಿದರೆ 290 ವಾಟ್‌ನ ಪ್ರತಿ ಸೆಕೆಂಡಿನ ಭಾರ ಸರಿಯಾಗಿ ನಾಲ್ಕು ಪಟ್ಟು.

ಉಳಿದ ಅರ್ಧ ಹಿಂದಿಕ್ಕುವಾಗಿನ ನುಗ್ಗಾಟ. ಮುಂದಿನವರ ಗಾಳಿಮರೆಯಲ್ಲಿ ಸಾಗುವುದನ್ನು ತಡೆಯಲು ಐರನ್‌ಮ್ಯಾನ್ ನಿಯಮಗಳಲ್ಲಿ ಹವ್ಯಾಸಿಗಳಿಗೆ 12 ಮೀಟರ್ ಅಂತರವನ್ನು ವಿಧಿಸಿದ್ದಾರೆ, ಆ ವಲಯದೊಳಗೆ ಹೋದ ಮೇಲೆ 25 ಸೆಕೆಂಡುಗಳಲ್ಲಿ ಹಿಂದಿಕ್ಕಿ ಮುಗಿಸಬೇಕು. ನನ್ನಂತೆಯೇ ವೇಗವಿರುವವರನ್ನು ಆ ಸಮಯದಲ್ಲಿ ದಾಟಲು ಪ್ರತಿ ಸಲವೂ ಪವರ್ ಏರಿಸಬೇಕಾಗುತ್ತದೆ. ಒಂದೆರಡು ಸಲವಾದರೆ ಚಿಂತೆಯಿಲ್ಲ. ಆದರೆ ಮೊದಲ ಸುತ್ತಿನಲ್ಲಿ ಒಬ್ಬರನ್ನೇ ನಾನು ಮೂರು ಸಲ ದಾಟಿದ್ದೆ, ಅವರು ಎರಡು ಸಲ ನನ್ನನ್ನು ದಾಟಿದ್ದರು. ಆ ಹೊತ್ತಿನ ಗ್ರಾಫ್ ಗರಗಸದ ಹಲ್ಲಿನಂತಿದೆ.

ಗುರಿಯೇ ತಪ್ಪಾಗಿದ್ದರೆ

ಏರುಪೇರನ್ನು ಕಂಡುಕೊಂಡ ಮೇಲೂ ಒಂದು ಪ್ರಶ್ನೆ ಉಳಿದಿತ್ತು. 186ನ್ನು 250ರಿಂದ ಭಾಗಿಸಿದರೆ ಐಎಫ್ 0.74. ಹೆಚ್ಚು, ಆದರೆ ಅಷ್ಟು ದೊಡ್ಡ ಕುಸಿತಕ್ಕೆ ಸಾಲದು ಎನ್ನಿಸಿತು. ಹೀಗೆ ಲಕ್ಷಣ ಮತ್ತು ಅಂಕಿ ಹೊಂದದಿದ್ದಾಗ ಅಳತೆಗೋಲನ್ನೇ ಪರೀಕ್ಷಿಸಬೇಕು.

ನನ್ನ 250 ವಾಟ್ ಬಂದದ್ದು 20 ನಿಮಿಷಗಳ ಪರೀಕ್ಷೆಯಿಂದ: 263 ವಾಟ್‌ನ ಶೇಕಡ 95. ಆ ಪರೀಕ್ಷೆಯನ್ನು ನಾನು ರೋಡ್ ಬೈಕಿನ ಮೇಲೆ, ಬೆನ್ನು ಮೇಲೆತ್ತಿ ಕುಳಿತು ಮಾಡಿದ್ದೆ. ಸ್ಪರ್ಧೆಯಲ್ಲಿ ತುಳಿದದ್ದು ಏರೋ ಬಾರ್ ಮೇಲೆ ಮೊಣಕೈ ಊರಿ, ಸೊಂಟ ಮಡಚಿ. ಸೊಂಟದ ಕೋನ ಕಿರಿದಾದಷ್ಟೂ ಹೆಚ್ಚಿನವರಿಗೆ ಪವರ್ ಕಡಿಮೆಯಾಗುತ್ತದೆ. ಆ ಭಂಗಿಯಲ್ಲಿ ಎಷ್ಟು ಅಭ್ಯಾಸ ಮಾಡಿದ್ದಾರೆ ಎಂಬುದರ ಮೇಲೆ ಅಂತರ ಬದಲಾಗುತ್ತದೆ. ಏರೋ ಭಂಗಿಯಲ್ಲಿಯೇ ಪರೀಕ್ಷೆಯನ್ನು ಮತ್ತೆ ಮಾಡಿದಾಗ ನನ್ನ ಎಫ್‌ಟಿಪಿ 235 ವಾಟ್ ಬಂತು. ಆ ಲೆಕ್ಕದಲ್ಲಿ ಮೊದಲ ಸ್ಪರ್ಧೆಯ ಐಎಫ್ 0.79, ಮೊದಲ ಗಂಟೆಯದು 0.87. ಈಗ ಲಕ್ಷಣಕ್ಕೂ ಅಂಕಿಗೂ ತಾಳೆಯಾಯಿತು. ನಾನು ಹಾಕಿಕೊಂಡಿದ್ದ 180 ವಾಟ್‌ನ ಗುರಿಯನ್ನು ಚಾಚೂ ತಪ್ಪದೆ ಪಾಲಿಸಿದ್ದರೂ ಐಎಫ್ 0.77 ಆಗುತ್ತಿತ್ತು.

ಪರೀಕ್ಷೆಯನ್ನು ಮನೆಯೊಳಗಿನ ಟ್ರೇನರ್ ಮೇಲೆ ಮಾಡಿ, ಸ್ಪರ್ಧೆಯಲ್ಲಿ ಬೇರೆ ಪವರ್ ಮೀಟರ್ ಬಳಸಿದರೂ ಇಂಥದೇ ತಪ್ಪು ಆಗುತ್ತದೆ. ಎರಡು ಉಪಕರಣಗಳು ಒಂದೇ ತುಳಿತಕ್ಕೆ ಬೇರೆ ಬೇರೆ ಅಂಕಿ ತೋರಿಸುವುದು ಅಪರೂಪವೇನಲ್ಲ. ಎಡಗಾಲಿನ ಬಲವನ್ನು ಮಾತ್ರ ಅಳೆದು ಎರಡರಿಂದ ಗುಣಿಸುವ ಮೀಟರ್ ಆದರೆ, ಎರಡು ಕಾಲುಗಳ ನಡುವಿನ ವ್ಯತ್ಯಾಸವೂ ಸೇರಿಕೊಳ್ಳುತ್ತದೆ. ಪರೀಕ್ಷೆಗೂ ಸ್ಪರ್ಧೆಗೂ ಒಂದೇ ಮೀಟರ್ ಬಳಸುವುದು, ಸೈಕಲ್ ಹೊರಗಿನ ತಾಪಕ್ಕೆ ಹೊಂದಿಕೊಂಡ ಮೇಲೆ ಶೂನ್ಯ ಹೊಂದಾಣಿಕೆ ಮಾಡುವುದು, ಇಷ್ಟಾದರೆ ಈ ದೋಷದ ಬಹುಪಾಲು ಹೋಗುತ್ತದೆ.

ಆಹಾರ: ಕಾರಣವೋ, ಪರಿಣಾಮವೋ

ನನ್ನ ಯೋಜನೆ ಗಂಟೆಗೆ 70 ಗ್ರಾಂ ಕಾರ್ಬೋಹೈಡ್ರೇಟ್. ಮೊದಲ ಮೂರು ಗಂಟೆ ಅಷ್ಟನ್ನೂ ತೆಗೆದುಕೊಂಡೆ. ನಾಲ್ಕನೆಯ ಗಂಟೆಯಿಂದ ಹೊಟ್ಟೆ ಒಪ್ಪಲಿಲ್ಲ. ಕುಡಿದದ್ದು ಒಳಗೆ ಕುಲುಕಾಡುತ್ತಿತ್ತು, ಜೆಲ್‌ನ ರುಚಿಯೇ ಓಕರಿಕೆ ತರುತ್ತಿತ್ತು, ಗಂಟೆಗೆ 35ರಿಂದ 40 ಗ್ರಾಂ ಹೋದರೆ ಹೆಚ್ಚಾಗಿತ್ತು. ಸ್ಪರ್ಧೆ ಮುಗಿದ ದಿನ ಕೇಳಿದವರಿಗೆಲ್ಲ "ಹೊಟ್ಟೆ ಕೈಕೊಟ್ಟಿತು" ಎಂದೇ ಹೇಳಿದ್ದೆ.

ಆದರೆ ಕಾಲಕ್ರಮ ಬೇರೆಯದನ್ನು ಹೇಳುತ್ತದೆ. ಗಟ್ಟಿಯಾಗಿ ತುಳಿಯುವಾಗ ರಕ್ತ ಸ್ನಾಯುಗಳಿಗೂ, ಮೈಯನ್ನು ತಂಪಾಗಿಡಲು ಚರ್ಮಕ್ಕೂ ಹರಿಯುತ್ತದೆ, ಕರುಳಿಗೆ ಹೋಗುವ ಪಾಲು ಕುಗ್ಗುತ್ತದೆ. ಒಳಗೆ ಹೋದದ್ದು ಅಲ್ಲಿಯೇ ನಿಲ್ಲುತ್ತದೆ. ನನ್ನಲ್ಲಿ ಅತಿಯಾದ ಪವರ್ ಮೊದಲ ಗಂಟೆಯಲ್ಲಿಯೇ ಇತ್ತು, ಹೊಟ್ಟೆ ಮುನಿಸಿಕೊಂಡದ್ದು ನಾಲ್ಕನೆಯದರಲ್ಲಿ. ಆದ್ದರಿಂದ ಜೆಲ್ ಬದಲಿಸುವುದು ಇಲ್ಲಿ ಮದ್ದಲ್ಲ. ಅದೇ ಆಹಾರವನ್ನು ಅದೇ ಪ್ರಮಾಣದಲ್ಲಿ ಕಡಿಮೆ ಪವರ್‌ನ ದೀರ್ಘ ಸವಾರಿಯಲ್ಲಿ ತೆಗೆದುಕೊಂಡು ನೋಡಿದರೆ ಎರಡು ಕಾರಣಗಳನ್ನು ಬೇರ್ಪಡಿಸಬಹುದು. ಅಲ್ಲಿಯೂ ಹೊಟ್ಟೆ ಕೆಟ್ಟರೆ ಮಾತ್ರ ಆಹಾರವನ್ನು ಬದಲಿಸಬೇಕು.

ತಿದ್ದುಪಡಿ

ಮುಂದಿನ ವರ್ಷ ಅದೇ ಹಾದಿಯ ಸ್ಪರ್ಧೆಗೆ ನಾನು ಒಂದು ಸರಾಸರಿಯ ಬದಲಿಗೆ ಮೇಲ್ಮಿತಿಗಳನ್ನು ಇಟ್ಟುಕೊಂಡೆ. ಸರಾಸರಿಯನ್ನು ಗುರಿಯಾಗಿಟ್ಟುಕೊಂಡವರು ಹಿಂದೆ ಬಿದ್ದಾಗ ಅದನ್ನು ತುಂಬಲು ನುಗ್ಗುತ್ತಾರೆ. ಮೇಲ್ಮಿತಿ ಇಟ್ಟುಕೊಂಡವರಿಗೆ ತುಂಬಬೇಕಾದದ್ದು ಏನೂ ಇರುವುದಿಲ್ಲ. ಇಡೀ ಸವಾರಿಯ ಎನ್‌ಪಿ 235ರ ಶೇಕಡ 69, ಅಂದರೆ 162 ವಾಟ್ ಆಸುಪಾಸು. ಮೊದಲ ಗಂಟೆಗೆ 155 ವಾಟ್. ಏರಿಯಲ್ಲಿ 205 ದಾಟುವಂತಿಲ್ಲ, ಹಿಂದಿಕ್ಕುವಾಗ 230. ವೇಗ ಗಂಟೆಗೆ 45 ಕಿಲೋಮೀಟರ್ ಮೀರಿದರೆ ತುಳಿಯದೆ ಮೈ ಮಡಚಿ ಉರುಳುವುದು, ಏಕೆಂದರೆ ಗಾಳಿಯನ್ನು ಸೀಳಲು ಬೇಕಾದ ಪವರ್ ವೇಗದ ಮೂರನೆಯ ಘಾತದಲ್ಲಿ ಏರುವುದರಿಂದ ಅಲ್ಲಿ ಹಾಕಿದ ವಾಟ್‌ಗಳಿಂದ ಬರುವ ಲಾಭ ಅತ್ಯಲ್ಪ. ಎದುರುಗಾಳಿಯಲ್ಲಿ ಐದಾರು ವಾಟ್ ಹೆಚ್ಚಿಗೆ ಕೊಟ್ಟು ಬೆನ್ನಗಾಳಿಯಲ್ಲಿ ಅಷ್ಟನ್ನು ಇಳಿಸಿದರೆ ತಪ್ಪಿಲ್ಲ. ನಿಧಾನವಾದ ಭಾಗದಲ್ಲಿ ಹೆಚ್ಚು ಹೊತ್ತು ಇರುತ್ತೇವಾದ್ದರಿಂದ ಅಲ್ಲಿನ ವಾಟ್‌ಗೆ ಬೆಲೆ ಹೆಚ್ಚು.

ಇವುಗಳಲ್ಲಿ ಪಾಲಿಸಲು ಕಷ್ಟವಾದದ್ದು ಮೊದಲ ಗಂಟೆಯದು. ಈಜಿನಿಂದ ಎದ್ದು ಬಂದಾಗ ನಾಡಿ ಮೇಲೇರಿಯೇ ಇರುತ್ತದೆ, ವಾರಗಳ ವಿಶ್ರಾಂತಿಯಿಂದ ಕಾಲು ಹಗುರವಾಗಿರುತ್ತದೆ, 200 ವಾಟ್ 150ರಂತೆ ಅನ್ನಿಸುತ್ತದೆ. ಎಡಬದಿಯಿಂದಲೂ ಬಲಬದಿಯಿಂದಲೂ ಎಂಬಂತೆ ಜನ ಮುಂದೆ ಹೋಗುತ್ತಲೇ ಇರುತ್ತಾರೆ. ಆ ಹೊತ್ತಿನಲ್ಲಿ ಅನಿಸಿಕೆಯನ್ನು ನಂಬದೆ ಅಂಕಿಯನ್ನು ನಂಬಬೇಕು. ಅದಕ್ಕಾಗಿ ಸೈಕಲ್ ಕಂಪ್ಯೂಟರ್‌ನ ಪರದೆಯಿಂದ ವೇಗ ಮತ್ತು ಸರಾಸರಿ ವೇಗ ಎರಡನ್ನೂ ತೆಗೆದುಹಾಕಿ, 10 ಸೆಕೆಂಡುಗಳ ಸರಾಸರಿ ಪವರ್, ಆ ಗಂಟೆಯ ಎನ್‌ಪಿ, ನಾಡಿಬಡಿತ ಮತ್ತು ಸಮಯ ಇವಿಷ್ಟನ್ನೇ ಉಳಿಸಿಕೊಂಡೆ. ಎದುರುಗಾಳಿಯಲ್ಲಿ ಸರಾಸರಿ ವೇಗ ಕುಸಿಯುವುದನ್ನು ನೋಡುತ್ತಾ ಮಿತಿಯೊಳಗೆ ತುಳಿಯುವುದು ನನ್ನಿಂದ ಸಾಧ್ಯವಿರಲಿಲ್ಲ, ಅದನ್ನು ನೋಡದೆ ಇರುವುದು ಸಾಧ್ಯವಿತ್ತು.

ಪವರ್ ಮೀಟರ್ ಇಲ್ಲದವರು ಮೊದಲ 30ರಿಂದ 40 ನಿಮಿಷ ನಾಡಿಯನ್ನು ನೆಚ್ಚದೆ ಮಾತನ್ನು ನೆಚ್ಚಬೇಕು: ಉಸಿರು ಕಡಿಯದೆ ಒಂದು ಪೂರ್ತಿ ವಾಕ್ಯವನ್ನು ಹೇಳಲು ಆಗಬೇಕು, ಏರಿಯಲ್ಲಿಯೂ. ಆಮೇಲೆ ನಾಡಿಯನ್ನು ದೀರ್ಘ ಸವಾರಿಗಳಲ್ಲಿ ಕಂಡುಕೊಂಡ ಮಟ್ಟದೊಳಗೆ ಇಡಬೇಕು. ಇದು ಒರಟು ಅಳತೆ, ಏಕೆಂದರೆ ನುಗ್ಗಾಟವನ್ನು ನಾಡಿ ತಡವಾಗಿ ತೋರಿಸುತ್ತದೆ.

ಕೊನೆಯ ಹತ್ತು ಕಿಲೋಮೀಟರ್‌ನಲ್ಲಿ ಹಗುರ ಗೇರ್‌ಗೆ ಇಳಿಸಿ ಕಾಲನ್ನು ಸಡಿಲ ಮಾಡಿಕೊಳ್ಳಿ ಎಂಬ ಸಲಹೆ ಎಲ್ಲೆಡೆ ಕೇಳಿಬರುತ್ತದೆ. ಮಾಡಿದರೆ ತಪ್ಪೇನೂ ಇಲ್ಲ. ಆದರೆ ಹಿಂದಿನ ಐದು ಗಂಟೆಗಳಲ್ಲಿ ಖರ್ಚಾದದ್ದು ಈ ಹದಿನೈದು ಇಪ್ಪತ್ತು ನಿಮಿಷಗಳಲ್ಲಿ ಮರಳಿ ಬರುವುದಿಲ್ಲ ಎಂದು ನಾನು ಖಚಿತವಾಗಿ ನಂಬುತ್ತೇನೆ.

ಸ್ಪರ್ಧೆಗೆ ಮುನ್ನ ಗುರಿಯನ್ನು ಪರೀಕ್ಷಿಸುವುದು

ಎಫ್‌ಟಿಪಿಯ ಶೇಕಡಾವಾರು ಲೆಕ್ಕ ಒಂದು ಆರಂಭಿಕ ಅಂದಾಜು ಮಾತ್ರ. 20 ನಿಮಿಷದ ಪರೀಕ್ಷೆಯಲ್ಲಿ ಒಂದೇ ಅಂಕಿ ಪಡೆದ ಇಬ್ಬರಲ್ಲಿ ಒಬ್ಬರು ಅದರ ಶೇಕಡ 70ನ್ನು ಆರು ಗಂಟೆ ತಾಳಬಹುದು, ಇನ್ನೊಬ್ಬರಿಗೆ ನಾಲ್ಕು ಗಂಟೆಯೂ ಆಗದಿರಬಹುದು. ಆದ್ದರಿಂದ ಸ್ಪರ್ಧೆಗೆ ನಾಲ್ಕೈದು ವಾರ ಇರುವಾಗ ಒಂದು ದೀರ್ಘ ಪರೀಕ್ಷೆ ಮಾಡಬೇಕು: ನಾಲ್ಕು ಗಂಟೆ ಏರೋ ಭಂಗಿಯಲ್ಲಿ, ಗುರಿಯ ಪವರ್‌ನಲ್ಲಿ, ಸ್ಪರ್ಧೆಯ ಆಹಾರವನ್ನೇ ತೆಗೆದುಕೊಳ್ಳುತ್ತಾ ಸವಾರಿ, ಇಳಿದ ತಕ್ಷಣ 40 ನಿಮಿಷ ಮ್ಯಾರಥಾನ್‌ನ ಗುರಿವೇಗದಲ್ಲಿ ಓಟ. ಡಿಕಪ್ಲಿಂಗ್ ಶೇಕಡ 5ರೊಳಗಿದ್ದು, ಆ 40 ನಿಮಿಷಗಳಲ್ಲಿ ವೇಗವನ್ನು ಹಿಡಿದಿಡುವುದಕ್ಕಿಂತ ತಡೆಹಿಡಿಯುವುದೇ ಕಷ್ಟ ಎನ್ನಿಸಿದರೆ ಗುರಿ ಸರಿಯಾಗಿದೆ. ನಾನು ಮೊದಲು 168 ವಾಟ್‌ನಲ್ಲಿ ಇದನ್ನು ಮಾಡಿದಾಗ ಡಿಕಪ್ಲಿಂಗ್ ಶೇಕಡ 7 ಬಂತು. ಎರಡು ವಾರದ ನಂತರ 162ರಲ್ಲಿ ಮಾಡಿದಾಗ ಶೇಕಡ 4ಕ್ಕೆ ಇಳಿಯಿತು. ಸ್ಪರ್ಧೆಯ ದಿನ ಪರೀಕ್ಷೆಯ ದಿನಕ್ಕಿಂತ ಹೆಚ್ಚು ಬಿಸಿಲಿದ್ದರೆ ಗುರಿಯನ್ನು ಇನ್ನೂ ಇಳಿಸಬೇಕಾಗುತ್ತದೆ, ಆಗ ನಾಡಿಯೇ ಮಿತಿ.

ಎರಡನೆಯ ಫೈಲ್ ಮತ್ತು ಉಳಿದ ದೋಷ

ಎರಡನೆಯ ಸ್ಪರ್ಧೆಯ ಸರಾಸರಿ ಪವರ್ 157, ಎನ್‌ಪಿ 163, ವಿಐ 1.04, ಐಎಫ್ 0.69. ಸೈಕಲ್ ಹಂತಕ್ಕೆ ಹಿಡಿದದ್ದು 5 ಗಂಟೆ 52 ನಿಮಿಷ, ಅಂದರೆ ಹಿಂದಿನ ವರ್ಷಕ್ಕಿಂತ 7 ನಿಮಿಷ ಹೆಚ್ಚು. ಗಂಟೆಗೆ 70 ಗ್ರಾಂ ಕೊನೆಯವರೆಗೂ ಒಳಗೆ ಹೋಯಿತು. ಮ್ಯಾರಥಾನ್ 4 ಗಂಟೆ 14 ನಿಮಿಷ, ಹಿಂದಿನದಕ್ಕಿಂತ 58 ನಿಮಿಷ ಕಡಿಮೆ.

ಈ 58 ನಿಮಿಷಗಳ ಪೂರ್ತಿ ಶ್ರೇಯವನ್ನು ಸೈಕಲ್‌ಗೆ ಕೊಡುವುದು ಸರಿಯಲ್ಲ. ಮೊದಲ ಸ್ಪರ್ಧೆಯಲ್ಲಿ ನಾನು ಓಟದ ಆರಂಭದ 6 ಕಿಲೋಮೀಟರ್‌ಗಳನ್ನು ಕಿಲೋಮೀಟರ್‌ಗೆ 5 ನಿಮಿಷ 25 ಸೆಕೆಂಡಿನಲ್ಲಿ ಓಡಿದ್ದೆ, ಎರಡನೆಯದರಲ್ಲಿ ಮೊದಲಿನಿಂದಲೇ 5 ನಿಮಿಷ 50 ಸೆಕೆಂಡಿಗೆ ಹಿಡಿದಿದ್ದೆ. ಆ ಅವಸರವೂ ಕುಸಿತಕ್ಕೆ ತನ್ನ ಪಾಲು ಸೇರಿಸಿರಬೇಕು. ಆದರೆ ಅವಸರದ ಆರಂಭವೊಂದೇ ಕಾರಣವಾಗಿದ್ದರೆ, ಸೈಕಲ್‌ನ ಕೊನೆಯ 45 ನಿಮಿಷಗಳಲ್ಲಿ ಆಗಲೇ 158 ವಾಟ್‌ಗೆ ಬಿದ್ದಿದ್ದ ಪವರ್‌ಗೆ ಉತ್ತರ ಸಿಗುವುದಿಲ್ಲ.

ಎರಡನೆಯ ಓಟದಲ್ಲಿ 31 ಕಿಲೋಮೀಟರ್‌ವರೆಗೆ 5:50ರ ವೇಗ ಅಲುಗಲಿಲ್ಲ; ಅಲ್ಲಿಂದ ಮುಂದೆ ಅದು ಕಿಲೋಮೀಟರ್‌ಗೆ 6 ನಿಮಿಷ 30 ಸೆಕೆಂಡಿಗೆ ಇಳಿಯಿತು. ಈ ಸಲ ನಾಡಿಬಡಿತ 150ರ ಆಸುಪಾಸಿನಲ್ಲಿಯೇ ಇತ್ತು, ನೋವಿದ್ದದ್ದು ತೊಡೆಯಲ್ಲಲ್ಲ, ಮೀನಖಂಡದಲ್ಲಿ. ಆ ವರ್ಷ ನಾನು ಮಾಡಿದ್ದ ಅತಿ ಉದ್ದದ ಓಟ 27 ಕಿಲೋಮೀಟರ್. ಸೈಕಲ್‌ನ ಗುರಿಯನ್ನು 162ರಿಂದ 155ಕ್ಕೆ ಇಳಿಸಿದರೆ ಈ ದೋಷ ಹೋಗುವುದಿಲ್ಲ, ಹಾದಿಯ ಮೇಲೆ ಇನ್ನೂ ಕೆಲವು ನಿಮಿಷ ಕಳೆದುಕೊಳ್ಳುತ್ತೇನೆ ಅಷ್ಟೆ. ಆದ್ದರಿಂದ ಮೂರನೆಯ ಸ್ಪರ್ಧೆಗೆ ಸೈಕಲ್‌ನ ಅಂಕಿಗಳನ್ನು ಹಾಗೆಯೇ ಉಳಿಸಿಕೊಂಡಿದ್ದೇನೆ, ಬದಲಿಸುತ್ತಿರುವುದು ದೀರ್ಘ ಓಟಗಳನ್ನು.